‘ಹಾಗಾದ್ರೆ ಇದನ್ನೂ ಒಪ್ಪಬೇಕಲ್ವಾ?’: ಎದುರಿನವರ ತತ್ವವನ್ನೇ ಹಿಡಿದು ವಾದ ಮಾಡುವುದು ಹೇಗೆ

“ನಾವಿರೋದು ಗ್ರೌಂಡ್ ಫ್ಲೋರ್‌ನಲ್ಲಿ. ಲಿಫ್ಟ್ ಹತ್ತೋದೇ ಇಲ್ಲ. ಅದರ ದುಡ್ಡು ನಾವ್ಯಾಕೆ ಕೊಡಬೇಕು?”

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಮೀಟಿಂಗ್‌ಗೆ ಹೋಗುವ ಅಭ್ಯಾಸ ಇರುವವರಿಗೆ ಈ ಮಾತು ಹೊಸದಲ್ಲ. ಆಮೇಲೆ ಏನಾಗುತ್ತದೆ ಅನ್ನುವುದೂ ಗೊತ್ತಿರುತ್ತದೆ. ಒಬ್ಬರು “ರೂಲ್ ಅಂದ್ರೆ ರೂಲ್” ಅನ್ನುತ್ತಾರೆ. ಇನ್ನೊಬ್ಬರು “ಇಷ್ಟು ವರ್ಷ ಕೊಟ್ಟಿದ್ದೀರಲ್ಲ, ಈಗೇನು ಹೊಸದು?” ಅಂತ ಕೇಳುತ್ತಾರೆ. ದನಿ ಏರುತ್ತದೆ, ಮೀಟಿಂಗ್ ಮುಂದಕ್ಕೆ ಹೋಗುತ್ತದೆ. ಗ್ರೌಂಡ್ ಫ್ಲೋರ್‌ನವರ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಟ್ಟಿರುವುದಿಲ್ಲ.

ಉತ್ತರ ಕೊಡುವ ಒಂದು ಹಳೆಯ ದಾರಿ ಇದೆ. ಎದುರಿನವರ ತತ್ವವನ್ನು ತಪ್ಪು ಎನ್ನಬೇಡಿ. ಸರಿ ಎಂದೇ ಇಟ್ಟುಕೊಂಡು, ಅದು ಕರೆದುಕೊಂಡು ಹೋದಲ್ಲಿಗೆ ಹೋಗಿ. ಅದು ಅವರೇ ಒಪ್ಪಲಾರದ ಜಾಗಕ್ಕೆ ಮುಟ್ಟಿದರೆ, ಹೊರಟ ತತ್ವದಲ್ಲೇ ಏನೋ ತಪ್ಪಿದೆ ಎಂದು ಅರ್ಥ. ಪಶ್ಚಿಮದವರು ಇದನ್ನು ರಿಡಕ್ಷಿಯೋ ಎನ್ನುತ್ತಾರೆ. ನಮ್ಮ ನ್ಯಾಯಶಾಸ್ತ್ರದಲ್ಲಿ ‘ತರ್ಕ’ ಎಂಬುದಕ್ಕೆ ಸರಿಸುಮಾರು ಇದೇ ಕೆಲಸ. ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದರೂ ಬೆಂಕಿ ಇಲ್ಲ ಎಂದು ಯಾರಾದರೂ ಹಟ ಹಿಡಿದರೆ, “ಬೆಂಕಿ ಇಲ್ಲದಿದ್ದರೆ ಹೊಗೆಯೂ ಇರಬಾರದಿತ್ತು” ಎಂದು ತೋರಿಸುವುದು ಅಲ್ಲಿನ ಮಾಮೂಲಿ ಉದಾಹರಣೆ.

ಹೇಳುವುದಕ್ಕೆ ಸುಲಭ. ಮಾಡುವಾಗ ನೂರಕ್ಕೆ ತೊಂಬತ್ತು ಸಲ ಅದು ಕುಚೋದ್ಯವಾಗಿಬಿಡುತ್ತದೆ: “ಹಾಗಾದ್ರೆ ನಾಳೆ ಗಾಳಿಗೂ ಬಿಲ್ ಕೇಳ್ತೀರಾ?” ಅನ್ನುವ ಥರ. ಕುಚೋದ್ಯಕ್ಕೆ ಜನ ನಗುತ್ತಾರೆ, ಯಾರ ಅಭಿಪ್ರಾಯವೂ ಬದಲಾಗುವುದಿಲ್ಲ. ಹಾಗಾಗಿ ಲಿಫ್ಟ್ ಜಗಳವನ್ನೇ ಹಿಡಿದು ಒಂದೊಂದು ಹೆಜ್ಜೆಯನ್ನೂ ನೋಡೋಣ.

ಲೆಕ್ಕಕ್ಕೆ ಒಂದು ಕಟ್ಟಡ ಇಟ್ಟುಕೊಳ್ಳಿ. ಗ್ರೌಂಡ್ ಫ್ಲೋರ್ ಮತ್ತು ಅದರ ಮೇಲೆ ಮೂರು ಮಹಡಿ. ಪ್ರತಿ ಮಹಡಿಯಲ್ಲಿ 4 ಮನೆ, ಒಟ್ಟು 16. ಲಿಫ್ಟ್‌ಗೆ ತಿಂಗಳಿಗೆ 9,600 ರೂಪಾಯಿ ಖರ್ಚು. ಎಲ್ಲರೂ ಹಂಚಿಕೊಂಡರೆ ಮನೆಗೆ 600. ಗ್ರೌಂಡ್ ಫ್ಲೋರ್‌ನ ನಾಲ್ಕು ಮನೆ ಬಿಟ್ಟರೆ ಉಳಿದ 12 ಮನೆಗೆ 800.

ಮೊದಲು: ತೀರ್ಮಾನ ಬಿಡಿ, ತತ್ವ ಹುಡುಕಿ

“ಲಿಫ್ಟ್ ದುಡ್ಡು ಕೊಡಲ್ಲ” ಅನ್ನುವುದು ತೀರ್ಮಾನ. ಅದನ್ನು ಎಷ್ಟು ಎಳೆದರೂ ಎಲ್ಲಿಗೂ ಹೋಗುವುದಿಲ್ಲ, ಅದು ಒಂದು ಲಿಫ್ಟ್‌ಗೆ ಸಂಬಂಧಿಸಿದ ಮಾತು ಅಷ್ಟೇ. ನಮಗೆ ಬೇಕಿರುವುದು ಆ ತೀರ್ಮಾನವನ್ನು ಹೊತ್ತು ನಿಂತಿರುವ ಸಾಮಾನ್ಯ ಮಾತು. ಜನ ಅದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ, ಕೇಳಿ ಹೊರಗೆ ತೆಗೆಯಬೇಕು. “ಯಾಕೆ ಸರ್?” ಅಂತ ಕೇಳಿ. “ನಾವು ಬಳಸಲ್ಲವಲ್ಲ” ಅನ್ನುತ್ತಾರೆ. ಈಗ ಆ ಮಾತಿನಿಂದ ಹೆಸರು, ಮನೆ ನಂಬರು, ಲಿಫ್ಟ್ ಎಂಬ ಪದ ಎಲ್ಲವನ್ನೂ ತೆಗೆದುಹಾಕಿ. ಉಳಿಯುವುದು ಇದು: “ಯಾರು ಒಂದು ಸೌಲಭ್ಯವನ್ನು ಬಳಸುವುದಿಲ್ಲವೋ ಅವರು ಅದರ ಖರ್ಚು ಕೊಡಬೇಕಿಲ್ಲ.”

ಇಷ್ಟಕ್ಕೇ ನಿಲ್ಲಬೇಡಿ. ಅದೇ ತೀರ್ಮಾನಕ್ಕೆ ಬೇರೆ ತತ್ವಗಳೂ ಆಧಾರವಾಗಿರಬಹುದು. “ಯಾರಿಗೆ ಲಾಭ ಇಲ್ಲವೋ ಅವರು ಕೊಡಬೇಕಿಲ್ಲ” ಅಂತ ಇರಬಹುದು. “ಯಾರಿಂದ ಖರ್ಚು ಹೆಚ್ಚಾಗುವುದಿಲ್ಲವೋ ಅವರು ಕೊಡಬೇಕಿಲ್ಲ” ಅಂತಲೂ ಇರಬಹುದು. ಮೂರೂ ಒಂದೇ ಥರ ಕೇಳಿಸುತ್ತವೆ, ಆದರೆ ಮೂರರ ದಾರಿಗಳೂ ಬೇರೆ. ಊರಲ್ಲಿಲ್ಲದ ಮಾಲೀಕರನ್ನೇ ನೋಡಿ. ಮನೆಗೆ ಬೀಗ ಹಾಕಿ ವಿದೇಶದಲ್ಲಿರುವವರು ಸೆಕ್ಯೂರಿಟಿ ಗಾರ್ಡನ್ನು ‘ಬಳಸುವುದಿಲ್ಲ’ ಅನ್ನಬಹುದು. ಆದರೆ ಅವರ ಖಾಲಿ ಮನೆ ಕಾಯುವುದರಿಂದ ‘ಲಾಭ’ ಜಾಸ್ತಿ ಆಗುವುದು ಅವರಿಗೇ. ಎದುರಿನವರ ಮನಸ್ಸಿನಲ್ಲಿ ಇರುವುದು ‘ಖರ್ಚು ಹೆಚ್ಚಾಗುವುದು’, ನೀವು ಹೊಡೆಯುವುದು ‘ಬಳಕೆ’ಯ ತತ್ವಕ್ಕೆ ಎಂದಾದರೆ ಅವರಿಗೆ ಅದು ತಾಗುವುದೇ ಇಲ್ಲ. “ನಾನು ಹೇಳಿದ್ದು ಅದಲ್ಲ” ಅನ್ನುತ್ತಾರೆ, ಮತ್ತು ಅವರು ಹೇಳುವುದು ಸರಿಯೇ ಆಗಿರುತ್ತದೆ.

ಹೌದು ಎನ್ನಿಸಿಕೊಳ್ಳದೆ ಮುಂದೆ ಹೋಗಬೇಡಿ

ತತ್ವವನ್ನು ನಿಮ್ಮ ಬಾಯಿಂದ ಒಮ್ಮೆ ಹೇಳಿ, ಅದು ಅವರದೇ ಹೌದೋ ಎಂದು ಕೇಳಿ. ಹೇಳುವಾಗ ಅವರು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿ. “ಸರ್, ನಿಮ್ಮ ಮಾತು ನನಗೆ ಅರ್ಥವಾದದ್ದು ಹೀಗೆ. ಒಂದು ಸೌಲಭ್ಯ ಯಾರಿಗೆ ಉಪಯೋಗ ಇಲ್ಲವೋ ಅವರಿಂದ ಅದಕ್ಕೆ ದುಡ್ಡು ವಸೂಲಿ ಮಾಡೋದು ನ್ಯಾಯ ಅಲ್ಲ. ಇದು ಲಿಫ್ಟ್‌ಗೆ ಮಾತ್ರ ಅಲ್ಲ, ಎಲ್ಲದಕ್ಕೂ. ಸರಿನಾ?”

ಕೊನೆಯ ‘ಎಲ್ಲದಕ್ಕೂ’ ಎಂಬ ಪದವನ್ನು ಸುಮ್ನೆ ಸೇರಿಸಿಲ್ಲ. ನಾವು ದಿನಾ ಆಡುವ ತತ್ವಗಳಲ್ಲಿ ಬಹುಪಾಲು ‘ಸಾಮಾನ್ಯವಾಗಿ’ ಎಂಬ ಅರ್ಥದವು. “ಹಿರಿಯರ ಮಾತು ಕೇಳಬೇಕು” ಅನ್ನುವವರು, ಹಿರಿಯರು ಬಾವಿಗೆ ಹಾರು ಅಂದರೂ ಹಾರಬೇಕು ಅನ್ನುತ್ತಿಲ್ಲ. ಅಂಥ ಮಾತನ್ನು ಕೊನೆಯವರೆಗೂ ಎಳೆದು “ನೋಡಿ, ಹೇಗೆ ಸಿಕ್ಕಿಬಿದ್ರಿ” ಅನ್ನುವುದು ಚಿಲ್ಲರೆ ಬುದ್ಧಿ. ಎದುರಿನವರು “ಎಲ್ಲದಕ್ಕೂ ಅಂತಲ್ಲ, ಸಾಧಾರಣವಾಗಿ” ಅಂದರೆ ಈ ವಿಧಾನವನ್ನು ಅಲ್ಲೇ ಬಿಡಿ. ಆಗ ಕೇಳಬೇಕಾದ ಪ್ರಶ್ನೆಯೇ ಬೇರೆ: “ಯಾವಾಗ ಅನ್ವಯಿಸುತ್ತೆ, ಯಾವಾಗ ಇಲ್ಲ? ಲಿಫ್ಟ್ ಯಾವ ಕಡೆಗೆ ಬರುತ್ತೆ?”

ಅವರು “ಹೌದು, ಎಲ್ಲದಕ್ಕೂ” ಅಂದರೆ, ಈಗ ಹೆಜ್ಜೆ ಇಡಬಹುದು.

ಯಾವ ಪರಿಣಾಮ ಆರಿಸಬೇಕು

ಹೆಚ್ಚಿನವರು ಎಡವುವುದು ಇಲ್ಲೇ. ಗಣಿತದಲ್ಲಿ, ಭೌತಶಾಸ್ತ್ರದಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಎಳೆದುಕೊಂಡು ಹೋದ ತತ್ವ ತನಗೆ ತಾನೇ ವಿರುದ್ಧವಾಗಿಬಿಡುತ್ತದೆ. 1638ರಲ್ಲಿ ಅಚ್ಚಾದ ಪುಸ್ತಕದಲ್ಲಿ ಗೆಲಿಲಿಯೋ ಮಾಡಿದ್ದು ಇದನ್ನೇ. ಭಾರದ ವಸ್ತು ಬೇಗ ಬೀಳುತ್ತದೆ, ಹಗುರದ್ದು ನಿಧಾನ ಎಂದು ಆಗ ಬಹಳ ಜನ ನಂಬಿದ್ದರು. ಸರಿ, ಭಾರದ ಕಲ್ಲಿಗೆ ಹಗುರದ ಕಲ್ಲು ಕಟ್ಟಿ ಬಿಡೋಣ. ಹಗುರದ್ದು ನಿಧಾನವಾದ್ದರಿಂದ ಭಾರದ್ದನ್ನು ತಡೆಯಬೇಕು, ಅಂದರೆ ಜೋಡಿ ನಿಧಾನ ಬೀಳಬೇಕು. ಆದರೆ ಎರಡೂ ಸೇರಿ ಭಾರ ಇನ್ನೂ ಜಾಸ್ತಿ ಆಯಿತಲ್ಲ, ಹಾಗಾಗಿ ಜೋಡಿ ಇನ್ನೂ ಬೇಗ ಬೀಳಬೇಕು. ಒಂದೇ ತತ್ವ ಎರಡನ್ನೂ ಹೇಳುತ್ತಿದೆ. ಇನ್ನು ವಾದವೇ ಬೇಕಿಲ್ಲ.

ಮೀಟಿಂಗ್ ಹಾಲಿನಲ್ಲಿ ಇಷ್ಟು ಚೊಕ್ಕವಾದ ವಿರೋಧ ಸಿಗುವುದು ಅಪರೂಪ. ಇಲ್ಲಿ ‘ಅಸಂಬದ್ಧ’ ಎಂದರೆ ‘ಯಾರೂ ಒಪ್ಪಲಾರದ್ದು’ ಎಂದಷ್ಟೇ ಅರ್ಥ. ಆದರೆ ಯಾರೂ ಅಂದರೆ ಯಾರು? ನೀವಲ್ಲ. ನಿಮ್ಮ ಪಕ್ಕ ಕೂತು ತಲೆಯಾಡಿಸುವವರೂ ಅಲ್ಲ. ಎದುರಿಗೆ ನಿಂತವರಿಗೇ ಅದು ಒಪ್ಪಲಾಗದ್ದು ಆಗಿರಬೇಕು. ಇಲ್ಲದಿದ್ದರೆ ಅವರು “ಹೌದು, ಹಾಗೇ ಆಗಲಿ” ಅಂದು ಕೂತುಬಿಡುತ್ತಾರೆ, ನಿಮ್ಮ ಕೈ ಖಾಲಿ.

ನಮ್ಮ ಕಟ್ಟಡದಲ್ಲಿ ಏನೇನು ಸಿಗುತ್ತದೆ ನೋಡಿ. ಮೊದಲು ಹೊಳೆಯುವುದು ತೆರಿಗೆ: “ಹಾಗಾದ್ರೆ ಮಕ್ಕಳಿಲ್ಲದವರ ತೆರಿಗೆ ದುಡ್ಡು ಸರ್ಕಾರಿ ಶಾಲೆಗೆ ಹೋಗಬಾರದಾ?” ಇದು ಎರಡು ಕಾರಣಕ್ಕೆ ಸೋಲುತ್ತದೆ. ತೆರಿಗೆ ಬೇರೆ, ಸಂಘದ ಮೇಂಟೆನೆನ್ಸ್ ಬೇರೆ ಅಂತ ಅವರು ಸುಲಭವಾಗಿ ಜಾರಿಕೊಳ್ಳಬಹುದು. ಅಲ್ಲದೆ ತೆರಿಗೆ ವಿಷಯ ಎತ್ತಿದ ಕೂಡಲೇ ಇಡೀ ಮೀಟಿಂಗ್ ಸರ್ಕಾರವನ್ನು ಬೈಯಲು ಶುರುಮಾಡುತ್ತದೆ, ಲಿಫ್ಟ್ ಮರೆತೇ ಹೋಗುತ್ತದೆ.

ಎರಡನೆಯದು ಟೆರೇಸ್. ಟೆರೇಸ್ ಸೋರಿದರೆ ನೆನೆಯುವುದು ಮೂರನೇ ಮಹಡಿಯ ಮನೆ. ವಾಟರ್‌ಪ್ರೂಫಿಂಗ್ ಖರ್ಚನ್ನೆಲ್ಲ ಆ ನಾಲ್ಕು ಮನೆಯವರೇ ಕೊಡಬೇಕು ಎಂದಾಗುತ್ತದೆ. ತತ್ವ ಅದೇ, ಕಟ್ಟಡ ಅದೇ, ಚೆನ್ನಾಗಿದೆ ಅಲ್ವಾ? ಇಲ್ಲ. ಗ್ರೌಂಡ್ ಫ್ಲೋರ್‌ನವರಿಗೆ ಇದು ಅಸಂಬದ್ಧ ಅಲ್ಲ, ಹಬ್ಬ. “ಅದನ್ನೂ ನಾವು ಕೊಡಬೇಕಾಗಿಲ್ಲ, ನೀವೇ ಹೇಳಿಬಿಟ್ರಿ” ಅನ್ನುತ್ತಾರೆ. ಅವರಿಗೆ ಅನುಕೂಲ ಆಗುವ ಪರಿಣಾಮವನ್ನು ತೋರಿಸಿ ಅವರನ್ನು ಹಿಂದೆ ಸರಿಸಲು ಆಗುವುದಿಲ್ಲ.

ಹಾಗಾದರೆ ತಿರುಗಿಸಿ ಯೋಚಿಸಿ. ಗ್ರೌಂಡ್ ಫ್ಲೋರ್‌ನವರಿಗೆ ಮಾತ್ರ ಬೇಕಾಗಿ, ಮೇಲಿನವರಿಗೆ ಬೇಡದ ಖರ್ಚು ಯಾವುದು? ಮಳೆನೀರು! ಜೋರು ಮಳೆಯಲ್ಲಿ ರಸ್ತೆಯ ನೀರು ಗೇಟಿನೊಳಗೆ ನುಗ್ಗದಂತೆ ಕಾಂಪೌಂಡ್ ಒಳಗೆ ಚರಂಡಿ ಮಾಡಿಸಿ, ನೀರು ಎತ್ತಿ ಹಾಕಲು ಪಂಪ್ ಕೂರಿಸಿದ್ದಾರೆ ಎಂದುಕೊಳ್ಳಿ. ಖರ್ಚು 64,000. ಹದಿನಾರು ಮನೆಗೆ ಹಂಚಿದರೆ ತಲಾ 4,000. ಆದರೆ ಮಳೆನೀರು ಮೂರನೇ ಮಹಡಿಗೆ ಹತ್ತುವುದಿಲ್ಲವಲ್ಲ. ‘ಉಪಯೋಗ ಇಲ್ಲದವರು ಕೊಡಬೇಕಿಲ್ಲ’ ಎಂದಾದರೆ ಆ 64,000 ನಾಲ್ಕೇ ಮನೆಯ ಮೇಲೆ ಬೀಳುತ್ತದೆ. ತಲಾ 16,000.

ಈ ಉದಾಹರಣೆ ಯಾಕೆ ಕೆಲಸ ಮಾಡುತ್ತದೆ? ತತ್ವದಿಂದ ಇಲ್ಲಿಗೆ ಬರಲು ಹೊಸ ಊಹೆ ಏನೂ ಬೇಕಿಲ್ಲ. ಅದೇ ಕಟ್ಟಡ, ಅದೇ ಸಂಘ, ಅದೇ ಮೇಂಟೆನೆನ್ಸ್ ಪುಸ್ತಕ, ಹಾಗಾಗಿ “ಅದು ಬೇರೆ ವಿಷಯ” ಅನ್ನಲು ಜಾಗ ಕಡಿಮೆ. ಜೊತೆಗೆ, ಪರಿಣಾಮ ತಟ್ಟುವುದು ಯಾರು ತತ್ವ ಹೇಳಿದರೋ ಅವರಿಗೇ.

ಹೇಳುವುದಕ್ಕಿಂತ ಕೇಳುವುದು ಮೇಲು

ಪರಿಣಾಮವನ್ನು ತೀರ್ಪಿನ ಥರ ಘೋಷಿಸಬೇಡಿ. ಒಂದೊಂದು ಹೆಜ್ಜೆಯನ್ನೂ ಪ್ರಶ್ನೆಯಾಗಿಸಿ, ಉತ್ತರ ಬರುವವರೆಗೆ ಕಾಯಿರಿ. ಸೆಕ್ರೆಟರಿ ಮತ್ತು ಗ್ರೌಂಡ್ ಫ್ಲೋರ್‌ನ ನಿವೃತ್ತ ಹಿರಿಯರ ನಡುವೆ ಅದು ಹೀಗೆ ನಡೆಯಬಹುದು:

“ಸರ್, ಉಪಯೋಗ ಇಲ್ಲದವರು ಕೊಡಬೇಕಾಗಿಲ್ಲ. ಇದು ನಿಮ್ಮ ಮಾತು ಅಂತ ಇಟ್ಟುಕೊಳ್ಳೋಣವಾ?”

“ಹೌದಮ್ಮ. ಅದರಲ್ಲೇನು ತಪ್ಪು?”

“ತಪ್ಪು ಅಂತಿಲ್ಲ ಸರ್. ಹೋದ ಮಳೆಗಾಲದಲ್ಲಿ ಚರಂಡಿ, ಪಂಪು ಮಾಡಿಸಿದ್ವಲ್ಲ, ಅದರ ಉಪಯೋಗ ಯಾರಿಗೆ ಆಯ್ತು?”

“ನಮಗೆ. ಕೆಳಗಿನ ನಾಲ್ಕು ಮನೆಗೆ.”

“ಮೂರನೇ ಮಹಡಿಯವರಿಗೆ?”

“ಅವರಿಗೇನು, ಮೇಲಿದ್ದಾರೆ.”

“ಅವರೂ ತಲಾ ನಾಲ್ಕು ಸಾವಿರ ಕೊಟ್ರು ಸರ್. ನಿಮ್ಮ ಮಾತಿನ ಪ್ರಕಾರ ಅದನ್ನ ವಾಪಸ್ ಕೊಡಬೇಕಾಗುತ್ತಾ?”

ಇಲ್ಲಿ ನಿಲ್ಲಿಸಬೇಕು. ಕೊನೆಯ ಪ್ರಶ್ನೆಯಾದ ಮೇಲೆ ಒಂದು ಮಾತೂ ಬೇಡ. ನಮ್ಮವರಿಗೆ ಮೌನ ಕಂಡರೆ ಆಗುವುದಿಲ್ಲ, ತಕ್ಷಣ “ಅದಕ್ಕೇ ಹೇಳಿದ್ದು ನಾನು…” ಅಂತ ಶುರುಮಾಡುತ್ತೇವೆ. ಹಾಗೆ ಮಾಡಿದರೆ ಎದುರಿನವರು ಪ್ರಶ್ನೆಗೆ ಉತ್ತರ ಹುಡುಕುವುದು ಬಿಟ್ಟು ನಿಮಗೆ ಉತ್ತರ ಕೊಡಲು ಹೊರಡುತ್ತಾರೆ.

ಗಮನಿಸಿ, ಸೆಕ್ರೆಟರಿ ಎಲ್ಲೂ “ಅಂದ್ರೆ ನೀವು ಹೇಳೋದು, ಪಂಪ್ ದುಡ್ಡು ನೀವೇ ಕೊಡ್ತೀರಿ ಅಂತ” ಅನ್ನಲಿಲ್ಲ. ಹಿರಿಯರು ಹಾಗೆ ಹೇಳಿಲ್ಲ. ‘ನೀವು ಹೇಳಿದ್ದು ಇದು’ ಎನ್ನುವುದಕ್ಕೂ, ‘ನೀವು ಹೇಳಿದ್ದರಿಂದ ಇದು ಬರುತ್ತದೆಯಾ’ ಎಂದು ಕೇಳುವುದಕ್ಕೂ ಬಹಳ ವ್ಯತ್ಯಾಸ ಇದೆ. ಮೊದಲನೆಯದು ಬಾಯಲ್ಲಿ ಇಲ್ಲದ ಮಾತು ತುರುಕಿದಂತೆ. ಜಗಳ ಹುಟ್ಟುವುದು ಅಲ್ಲೇ.

ಅವರು ಏನೇನು ಉತ್ತರ ಕೊಡಬಹುದು

ಒಳ್ಳೆಯ ವಾದಗಾರರು ಇದನ್ನು ಮೊದಲೇ ಯೋಚಿಸಿಕೊಂಡು ಹೋಗುತ್ತಾರೆ. ಉತ್ತರಗಳು ಬಹಳ ಇಲ್ಲ.

ಒಂದು, ಪರಿಣಾಮವನ್ನು ಒಪ್ಪಿಬಿಡುವುದು: “ಹೌದು, ಪಂಪ್ ಖರ್ಚು ನಾವೇ ಕೊಡ್ತೀವಿ. ಲಿಫ್ಟ್ ಖರ್ಚು ನೀವು ಕೊಡಿ.” ಇದು ಧೈರ್ಯದ ಉತ್ತರ, ಗೌರವದಿಂದ ತೆಗೆದುಕೊಳ್ಳಿ. ನಿಮ್ಮ ವಾದ ಸೋತಿಲ್ಲ, ಆದರೆ ಗೆದ್ದೂ ಇಲ್ಲ. ಮಾತು ನಿಜವೋ ಹಟವೋ ಎಂದು ತಿಳಿಯಲು ಇನ್ನೊಂದೆರಡು ಉದಾಹರಣೆ ಕೇಳಿ ನೋಡಬಹುದು. ಅವರ ಕಿಟಕಿಯ ಪಕ್ಕದ ಕಾಂಪೌಂಡ್ ಲೈಟು, ಕೆಳಗಡೆ ಸೊಳ್ಳೆ ಕಾಟಕ್ಕೆ ಹೊಡೆಸುವ ಔಷಧಿ. ಎಲ್ಲಕ್ಕೂ ಹೌದು ಅಂದರೆ ಅವರು ತಮ್ಮ ತತ್ವಕ್ಕೆ ಬದ್ಧರು. ಆಗ ಬೇರೆ ವಾದ ಹುಡುಕಬೇಕು. ಅದೇ ಮಾತನ್ನು ದನಿ ಏರಿಸಿ ಹೇಳಿ ಪ್ರಯೋಜನ ಇಲ್ಲ.

ಎರಡು, ಕೊಂಡಿಯನ್ನು ಮುರಿಯುವುದು: “ನೀರು ನುಗ್ಗಿದ್ರೆ ನಮಗೆ ಮಾತ್ರ ತೊಂದ್ರೆನಾ? ಮೀಟರ್ ಬೋರ್ಡ್ ಕೆಳಗಿದೆ, ಸಂಪ್ ಕೆಳಗಿದೆ. ಸಂಪ್‌ಗೆ ಕೊಳೆನೀರು ಸೇರಿದ್ರೆ ಮೇಲಿನವರೂ ಅದನ್ನೇ ಕುಡೀಬೇಕು.” ಇದು ಬಹಳ ಒಳ್ಳೆಯ ಉತ್ತರ. ಪಂಪ್‌ನಿಂದ ಎಲ್ಲರಿಗೂ ಉಪಯೋಗ ಇದೆ, ಹಾಗಾಗಿ ನಿಮ್ಮ ಉದಾಹರಣೆ ನನ್ನ ತತ್ವಕ್ಕೆ ತಾಗುವುದಿಲ್ಲ ಎಂದು ಅವರು ಹೇಳುತ್ತಿದ್ದಾರೆ. ಒಪ್ಪಿಕೊಳ್ಳಿ. ಒಪ್ಪಿಕೊಂಡು ಮುಂದಿನದ್ದು ಕೇಳಿ. ನೇರವಾಗಿ ಬಳಸದಿದ್ದರೂ ಕಟ್ಟಡಕ್ಕೆ ಆಗುವ ಒಳ್ಳೆಯದು ಎಲ್ಲರಿಗೂ ಉಪಯೋಗ ಎಂದಾದರೆ, ಲಿಫ್ಟ್ ಇರುವುದರಿಂದ ಇಡೀ ಕಟ್ಟಡದ ಬೆಲೆ ಏರುವುದು, ಟೆರೇಸ್ ಮೇಲಿನ ಟ್ಯಾಂಕ್ ರಿಪೇರಿಗೆ ಸಾಮಾನು ಲಿಫ್ಟ್‌ನಲ್ಲೇ ಹೋಗುವುದು, ಇದೆಲ್ಲ ಉಪಯೋಗ ಅಲ್ಲವೇ? ಪಂಪನ್ನು ಉಳಿಸಿಕೊಳ್ಳಲು ಅವರು ‘ಉಪಯೋಗ’ ಎಂಬ ಪದವನ್ನು ಅಗಲ ಮಾಡಿದ್ದಾರೆ. ಅಗಲ ಮಾಡಿದ ಬಾಗಿಲಲ್ಲಿ ಲಿಫ್ಟೂ ಒಳಗೆ ಬರುತ್ತದೆ.

ಮೂರು, ತತ್ವವನ್ನು ತಿದ್ದುವುದು. ನಿಜವಾದ ಕೆಲಸ ನಡೆಯುವುದು ಇಲ್ಲಿ. ತಿದ್ದುಪಡಿಯಲ್ಲಿ ಒಳ್ಳೆಯದೂ ಇದೆ, ಕಳ್ಳದ್ದೂ ಇದೆ. “ಲಿಫ್ಟ್ ಒಂದು ಬಿಟ್ಟು ಉಳಿದದ್ದೆಲ್ಲ ಎಲ್ಲರೂ ಕೊಡೋಣ” ಅನ್ನುವುದು ಕಳ್ಳ ತಿದ್ದುಪಡಿ. ತೊಂದರೆ ಆದ ಜಾಗಕ್ಕೆ ಅಳತೆ ತೆಗೆದು ತೇಪೆ ಹಾಕಿದ್ದಾರೆ. ಗುರುತಿಸುವುದು ಹೇಗೆ? “ಲಿಫ್ಟ್ ಯಾಕೆ ಬೇರೆ?” ಎಂದು ಕೇಳಿ. ಈ ಜಗಳಕ್ಕೆ ಸಂಬಂಧಿಸದ ಒಂದು ಕಾರಣ ಕೊಡಲು ಆದರೆ ಅದು ನಿಜವಾದ ತಿದ್ದುಪಡಿ. “ನನಗೆ ಬೇಡ, ಅದಕ್ಕೇ” ಎಂದಷ್ಟೇ ಆದರೆ ತೇಪೆ.

ನಿಜವಾದ ತಿದ್ದುಪಡಿ ಹೀಗಿರಬಹುದು: “ಕೆಲವು ಖರ್ಚು, ಅದು ಇದ್ದರೆ ಸಾಕು, ಆಗೇ ಆಗುತ್ತೆ. ಕೆಲವು ಬಳಸಿದಷ್ಟೂ ಏರುತ್ತೆ. ಮೊದಲನೆಯದನ್ನ ಎಲ್ಲರೂ ಹಂಚಿಕೊಳ್ಳೋಣ. ಎರಡನೆಯದನ್ನ ಬಳಸುವವರು ಕೊಡಲಿ.” ಇದರಲ್ಲಿ ಲಿಫ್ಟ್ ಎಂಬ ಪದವೇ ಇಲ್ಲ, ನೋಡಿ. ನೀರಿಗೆ, ಜನರೇಟರಿಗೆ, ಕ್ಲಬ್‌ಹೌಸಿಗೆ, ಎಲ್ಲಕ್ಕೂ ಇದನ್ನು ಹಾಕಿ ನೋಡಬಹುದು. ಲಿಫ್ಟ್‌ಗೆ ಹಾಕಿದರೆ? 9,600ರಲ್ಲಿ ಕಂಪನಿಗೆ ಕೊಡುವ ವಾರ್ಷಿಕ ನಿರ್ವಹಣೆಯ ತಿಂಗಳ ಪಾಲು 6,000, ಕರೆಂಟು 3,600 ಎಂದುಕೊಳ್ಳಿ. 6,000ವನ್ನು 16 ಮನೆಗೆ ಹಂಚಿದರೆ ತಲಾ 375. 3,600ನ್ನು ಮೇಲಿನ 12 ಮನೆಗೆ ಹಂಚಿದರೆ ತಲಾ 300. ಗ್ರೌಂಡ್ ಫ್ಲೋರ್‌ನವರಿಗೆ 375, ಮೇಲಿನವರಿಗೆ 675. ಹಿರಿಯರು ಸೊನ್ನೆಯಿಂದ ಹೊರಟಿದ್ದರು, ಸೆಕ್ರೆಟರಿ 600ರಿಂದ. ಇಬ್ಬರೂ ಹೇಳದಿದ್ದ ಲೆಕ್ಕ ಇದು. ಚೌಕಾಶಿ ಮಾಡಿ ನಡುವೆ ನಿಂತದ್ದಲ್ಲ. ಇದಕ್ಕೆ ಕಾರಣ ಹೇಳಬಹುದು.

ಕಳ್ಳ ತಿದ್ದುಪಡಿಯೋ ನಿಜದ್ದೋ ಎಂದು ಹೇಳುವುದೇ ಕಷ್ಟವಾಗುವ ಸಂದರ್ಭಗಳೂ ಇವೆ. ಒಂದು ಹಳೆಯ ಉದಾಹರಣೆ ನಮ್ಮಲ್ಲೇ ಇದೆ. 14ನೇ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ, ಮಾಧವಾಚಾರ್ಯರ ‘ಸರ್ವದರ್ಶನಸಂಗ್ರಹ’ ಚಾರ್ವಾಕರ ವಾದದಿಂದ ಶುರುವಾಗುತ್ತದೆ. ಚಾರ್ವಾಕರ ಪ್ರಶ್ನೆಗಳು ಹೀಗಿವೆ: ಯಜ್ಞದಲ್ಲಿ ಕೊಂದ ಪಶು ಸ್ವರ್ಗಕ್ಕೆ ಹೋಗುತ್ತದೆ ಎಂದಾದರೆ, ಯಜಮಾನ ತನ್ನ ತಂದೆಯನ್ನೇ ಯಾಕೆ ಬಲಿ ಕೊಡುವುದಿಲ್ಲ? ಇಲ್ಲಿ ಶ್ರಾದ್ಧ ಮಾಡಿದರೆ ಸತ್ತವರಿಗೆ ತೃಪ್ತಿ ಆಗುತ್ತದೆ ಎಂದಾದರೆ, ಪ್ರಯಾಣ ಹೊರಟವರಿಗೆ ಬುತ್ತಿ ಯಾಕೆ ಕಟ್ಟಿಕೊಡಬೇಕು? ಪರಿಣಾಮ ಆರಿಸಿರುವ ಬಗೆ ನೋಡಿ. ತಂದೆಯನ್ನು ಕೊಲ್ಲುವುದು ಯಾರಿಗಿಂತಲೂ ಹೆಚ್ಚಾಗಿ ವೈದಿಕರಿಗೇ ಮಹಾಪಾಪ. ಏಟು ಬಿದ್ದಿರುವುದು ಸರಿಯಾದ ಜಾಗಕ್ಕೆ.

ಆದರೆ ವೈದಿಕರ ಬಳಿ ಉತ್ತರ ಇಲ್ಲದೆ ಇಲ್ಲ. “ಕೊಂದದ್ದಕ್ಕೆಲ್ಲ ಸ್ವರ್ಗ ಎಂದು ನಾವು ಹೇಳಲೇ ಇಲ್ಲ. ಶಾಸ್ತ್ರ ಯಾವುದನ್ನು ವಿಧಿಸಿದೆಯೋ ಅದಕ್ಕೆ ಮಾತ್ರ ಫಲ” ಎನ್ನಬಹುದು. ಶಾಸ್ತ್ರವನ್ನು ಪ್ರಮಾಣ ಎಂದು ಮೊದಲೇ ಒಪ್ಪಿದವರಿಗೆ ಇದು ತೇಪೆ ಅಲ್ಲ, ಅವರ ತತ್ವ ಮೊದಲಿಂದಲೂ ಇದೇ ಆಗಿತ್ತು. ಚಾರ್ವಾಕರಿಗೆ ಇದು ಶುದ್ಧ ತೇಪೆ. ಜಗಳ ಯಜ್ಞದಿಂದ ಜಾರಿ ‘ಶಾಸ್ತ್ರ ಪ್ರಮಾಣವೋ ಅಲ್ಲವೋ’ ಎಂಬಲ್ಲಿಗೆ ಬಂದು ನಿಂತಿತು. ದಿನದ ವಾದಗಳಲ್ಲೂ ಹೀಗಾಗುತ್ತದೆ. ನೀವು ಹೊಡೆದದ್ದು ಮೇಲಿನ ತತ್ವಕ್ಕೆ, ಅದರ ಕೆಳಗೆ ಇನ್ನೊಂದು ಇತ್ತು ಎಂದು ಆಮೇಲೆ ಕಾಣುತ್ತದೆ. ಆಗ “ನಮ್ಮ ನಿಜವಾದ ಭಿನ್ನಾಭಿಪ್ರಾಯ ಇಲ್ಲಿದೆ” ಎಂದು ಹೇಳಿ ಅಲ್ಲಿಗೆ ಹೋಗುವುದೇ ಸರಿ.

ನಾಲ್ಕನೆಯದು, ತತ್ವವನ್ನೇ ಕೈಬಿಡುವುದು. ತುಂಬ ಜನರೆದುರು ಯಾರೂ ಬಿಡುವುದಿಲ್ಲ. ನಿರೀಕ್ಷಿಸಲೂ ಬೇಡಿ.

ತತ್ವ ಬಿದ್ದರೂ ತೀರ್ಮಾನ ಬೀಳಬೇಕಿಲ್ಲ

ಈ ವಿಧಾನ ಬಳಸುವವರು ಅತಿ ಹೆಚ್ಚು ಮಾಡುವ ತಪ್ಪು ಇದು. ‘ಬಳಸದವರು ಕೊಡಬೇಕಿಲ್ಲ’ ಎಂಬ ತತ್ವ ನಿಲ್ಲಲಿಲ್ಲ ಎಂದುಕೊಳ್ಳಿ. ಅಷ್ಟರಿಂದ ‘ಗ್ರೌಂಡ್ ಫ್ಲೋರ್‌ನವರು ಪೂರ್ತಿ 600 ಕೊಡಬೇಕು’ ಎಂದು ಸಾಬೀತಾಗಲಿಲ್ಲ. ಅವರು ಕೊಟ್ಟ ಒಂದು ಕಾರಣ ಬಿತ್ತು, ಅಷ್ಟೇ. ಮನೆ ಕೊಳ್ಳುವಾಗ ಬಿಲ್ಡರ್ ‘ಲಿಫ್ಟ್ ಖರ್ಚು ನಿಮಗಿಲ್ಲ’ ಎಂದು ಕರಾರಿನಲ್ಲೇ ಬರೆದುಕೊಟ್ಟಿರಬಹುದು. ಅದು ಬೇರೆ ಕಾರಣ, ಬೇರೆಯಾಗಿಯೇ ನೋಡಬೇಕು. ಹಾಗಾಗಿ “ಆಯ್ತಲ್ಲ, ಇನ್ನು ದುಡ್ಡು ಕೊಡಿ” ಎಂದು ಮುಗಿಸುವ ಹಕ್ಕು ನಿಮಗೆ ಇನ್ನೂ ಬಂದಿಲ್ಲ. “ಈ ಕಾರಣ ಸಾಲುವುದಿಲ್ಲ ಅನ್ನಿಸುತ್ತೆ ಸರ್. ಬೇರೆ ಕಾರಣ ಇದೆಯಾ?” ಎಂದು ಕೇಳುವಷ್ಟು ಮಾತ್ರ ಬಂದಿದೆ.

ಇನ್ನೊಂದು ಮುಖವೂ ಇದೆ. ಹಿರಿಯರ ತತ್ವವನ್ನು ಬೀಳಿಸಲು ಹೊರಟ ಸೆಕ್ರೆಟರಿಯ ತತ್ವ ಯಾವುದು? “ಕಾಮನ್ ಖರ್ಚು ಅಂದಮೇಲೆ ಎಲ್ಲರೂ ಸಮ ಕೊಡಬೇಕು.” ಅದನ್ನೂ ಎಳೆದು ನೋಡಿ. ಎರಡನೇ ಮಹಡಿಯವರು ಎಲೆಕ್ಟ್ರಿಕ್ ಕಾರು ತಂದು ಪಾರ್ಕಿಂಗ್‌ನ ಕಾಮನ್ ಮೀಟರಿಗೆ ಚಾರ್ಜರ್ ಸಿಕ್ಕಿಸಿದರೆ, ಆ ಬಿಲ್ಲನ್ನು ಹದಿನಾರೂ ಮನೆಯವರು ಸಮವಾಗಿ ಕೊಡಬೇಕಾ? ಯಾರೂ ಒಪ್ಪುವುದಿಲ್ಲ, ಸೆಕ್ರೆಟರಿಯೂ ಒಪ್ಪುವುದಿಲ್ಲ. ಹಿರಿಯರಿಗೆ ಇದು ಹೊಳೆದರೆ ಒಂದೇ ಪ್ರಶ್ನೆಯಲ್ಲಿ ಆಟ ತಿರುಗುತ್ತದೆ. ಆದ್ದರಿಂದ ಮೀಟಿಂಗ್‌ಗೆ ಹೋಗುವ ಮೊದಲು ನಿಮ್ಮ ತತ್ವವನ್ನೇ ಒಂದು ಚೀಟಿಯಲ್ಲಿ ಬರೆದು, ನಿಮಗೆ ಅತಿ ಮುಜುಗರ ಆಗುವ ಪರಿಣಾಮ ಯಾವುದು ಎಂದು ಹುಡುಕಿ. ಸಿಕ್ಕರೆ ತಿದ್ದಿಕೊಂಡು ಹೋಗಿ.

‘ಹಾಗಾದ್ರೆ’ ಬೇರೆ, ‘ನಾಳೆ’ ಬೇರೆ

ಮೀಟಿಂಗ್‌ನ ಮೂಲೆಯಿಂದ ಒಬ್ಬರು ಹೇಳೇ ಹೇಳುತ್ತಾರೆ: “ಇವತ್ತು ಇವರಿಗೆ ಬಿಟ್ರೆ ನಾಳೆ ಎಲ್ಲರೂ ಒಂದೊಂದು ನೆಪ ಹೇಳಿ ಕೊಡೋದು ನಿಲ್ಲಿಸ್ತಾರೆ.” ಕೇಳಲು ನಮ್ಮ ವಾದದ ಥರವೇ ಇದೆ. ಆದರೆ ಇದು ಭವಿಷ್ಯ ಹೇಳುವುದು. ಜನ ಹೀಗೆ ಮಾಡುತ್ತಾರೆ ಎನ್ನಲು ಆಧಾರ ಬೇಕು: ಹಿಂದೆ ಹಾಗೆ ಆಗಿದೆಯಾ, ಪಕ್ಕದ ಕಟ್ಟಡದಲ್ಲಿ ಏನಾಯಿತು, ಇಂಥದ್ದು. ಆಧಾರ ಇದ್ದರೆ ಒಳ್ಳೆಯ ವಾದವೇ, ಇಲ್ಲದಿದ್ದರೆ ಬರೀ ಹೆದರಿಕೆ.

ನಾವು ಮಾಡುತ್ತಿರುವುದರಲ್ಲಿ ನಾಳೆಯ ಮಾತಿಲ್ಲ. ಪಂಪ್ ದುಡ್ಡನ್ನು ಯಾರಾದರೂ ವಾಪಸ್ ಕೇಳುತ್ತಾರೋ ಬಿಡುತ್ತಾರೋ, ನಮಗೆ ಬೇಕಿಲ್ಲ. ಯಾರೂ ಕೇಳದಿದ್ದರೂ, ಆ ತತ್ವವನ್ನು ಒಪ್ಪಿದವರು ಇದನ್ನೂ ಒಪ್ಪಬೇಕಾಗುತ್ತದೆ ಎಂಬುದು ಈಗಲೇ ನಿಜ. ನಿಮ್ಮ ವಾಕ್ಯದಲ್ಲಿ ‘ನಾಳೆ’, ‘ಆಮೇಲೆ’, ‘ಕೊನೆಗೆ’ ಎಂಬ ಪದ ತೆಗೆದರೂ ಅರ್ಥ ನಿಂತರೆ ಸರಿಯಾದ ದಾರಿಯಲ್ಲಿದ್ದೀರಿ.

ತರ್ಕ ಮುಗಿದು ಪುಸ್ತಕ ತೆರೆಯುವ ಜಾಗ

ಲಿಫ್ಟ್ ವಿಷಯದಲ್ಲಿ ತರ್ಕಕ್ಕೆ ಒಂದು ಗಡಿ ಇದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಕೆಳಗೆ ನೋಂದಾಯಿಸಿದ ಕಟ್ಟಡವಾದರೆ, ಸಾಮಾನ್ಯ ಸೌಲಭ್ಯವನ್ನು ತಾನು ಬಳಸುವುದಿಲ್ಲ ಎಂದು ಹೇಳಿ ಮಾಲೀಕರು ಖರ್ಚಿನ ಪಾಲಿನಿಂದ ತಪ್ಪಿಸಿಕೊಳ್ಳುವಂತಿಲ್ಲ. ಆ ಕಾಯ್ದೆಯ ಪ್ರಕಾರ ಸಾಮಾನ್ಯ ಖರ್ಚು ಹಂಚುವುದು ಪ್ರತಿ ಮನೆಯ ಅವಿಭಜಿತ ಪಾಲಿನ ಲೆಕ್ಕದಲ್ಲಿ. ಅಂದರೆ ಹಿರಿಯರ ಸೊನ್ನೆಯೂ ನಡೆಯುವುದಿಲ್ಲ, ಸೆಕ್ರೆಟರಿಯ ‘ಎಲ್ಲರಿಗೂ 600’ ಕೂಡ ಎಲ್ಲ ಮನೆಯ ಪಾಲು ಒಂದೇ ಇದ್ದರೆ ಮಾತ್ರ ನಡೆಯುತ್ತದೆ, ಇಷ್ಟು ಹೊತ್ತು ಕೂಡಿಸಿ ಕಳೆದ 375–675ಕ್ಕೂ ಬರೀ ಕೈ ಎತ್ತಿದ ಒಪ್ಪಿಗೆ ಸಾಲದೇ ಹೋಗಬಹುದು. ಸಂಘ ಯಾವ ಕಾಯ್ದೆಯ ಕೆಳಗೆ ನೋಂದಣಿಯಾಗಿದೆ, ಬೈಲಾದಲ್ಲಿ ಏನಿದೆ ಎಂದು ನೋಡಿಕೊಂಡೇ ಮಾತು ಶುರುಮಾಡುವುದು ಜಾಣತನ. ಕಾನೂನು ಏನು ಹೇಳುತ್ತದೆ ಎಂಬುದು ಒಂದು ಪ್ರಶ್ನೆ, ಏನು ನ್ಯಾಯ ಎಂಬುದು ಇನ್ನೊಂದು. ಈ ವಾದ ಕೆಲಸ ಮಾಡುವುದು ಎರಡನೆಯದರಲ್ಲಿ. ಬೈಲಾ ತಿದ್ದುವ ಮಾತು ಬಂದಾಗ ಅದರ ಉಪಯೋಗ ಜಾಸ್ತಿ.

ಮೀಟಿಂಗ್ ಮುಗಿದ ಮೇಲೆ ಮಿನಿಟ್ಸ್ ಬರೆಯುವವರಿಗೆ ಒಂದು ಮಾತು. “ಚರ್ಚೆ ನಡೆದು ಗ್ರೌಂಡ್ ಫ್ಲೋರ್‌ನವರು ಒಪ್ಪಿದರು” ಎಂದು ಬರೆಯಬೇಡಿ. ತಿದ್ದಿದ ತತ್ವವನ್ನು ಪೂರ್ತಿ ವಾಕ್ಯದಲ್ಲಿ ಬರೆಯಿರಿ: ಇದ್ದರೇ ಆಗುವ ಖರ್ಚು ಎಲ್ಲರದು, ಬಳಸಿದಷ್ಟು ಏರುವ ಖರ್ಚು ಬಳಸುವವರದು. ಪಕ್ಕದಲ್ಲಿ ಪಂಪ್ ಮತ್ತು ಕಾರ್ ಚಾರ್ಜರ್ ಉದಾಹರಣೆ ಎರಡನ್ನೂ ಹಾಕಿ. ಮುಂದಿನ ವರ್ಷ ಕಮಿಟಿ ಬದಲಾಗಿ ಇದೇ ಪ್ರಶ್ನೆ ಜನರೇಟರ್ ಡೀಸೆಲ್ ರೂಪದಲ್ಲಿ ಬಂದಾಗ, ಹೊಸಬರು ಆ ಪುಟ ತೆಗೆದು ಅಲ್ಲಿಂದಲೇ ಶುರುಮಾಡಬಹುದು.